ನಾಲ್ಕು ತಂತಿ, ಮೂರು ವಿನಿಮಯ ದರ

ಬೆಳಗಿನ ತಿಂಡಿಯ ಹೊತ್ತಿಗೆ ಮೊಬೈಲಿಗೆ ಕೊರಿಯರ್ ಕಂಪನಿಯ ಸಂದೇಶ ಬಂತು. ಜರ್ಮನಿಯಿಂದ ಹೊರಟ ನಿಮ್ಮ ಪಾರ್ಸೆಲ್ ಬೆಂಗಳೂರು ತಲುಪಿದೆ, 4,654 ರೂಪಾಯಿ ಕಟ್ಟಿದರೆ ಮೈಸೂರಿಗೆ ಕಳಿಸುತ್ತೇವೆ ಎಂದಿತ್ತು. ಪಾರ್ಸೆಲ್ಲಿನಲ್ಲಿ ಇದ್ದದ್ದು ಎರಡು ಸೆಟ್ ಪಿಟೀಲು ತಂತಿ. ಮಗಳ ಮೇಷ್ಟ್ರು ಹೇಳಿದ ತಂತಿ ಅದು. ಉಕ್ಕಿನ ತಂತಿಯಷ್ಟು ಕೀರಲು ದನಿ ಇಲ್ಲ, ಶ್ರುತಿ ಇಳಿಸಿ ಕಟ್ಟಿದರೂ ನಾದ ಸಡಿಲವಾಗುವುದಿಲ್ಲ ಎಂದು ಅವರು ಒಂದು ಸೆಟ್ ತಂದು ಕಟ್ಟಿ ತೋರಿಸಿದ್ದರು. ಒಂದು ಈಗಕ್ಕೆ, ಇನ್ನೊಂದು ಕಿತ್ತುಹೋದಾಗ ಬೇಕಾದೀತು ಎಂದು ಎರಡು ಸೆಟ್ ತರಿಸಿದ್ದೆ.

ಮಾರಾಟಗಾರನ ಪುಟದಲ್ಲಿ ಒಂದು ಸೆಟ್ಟಿಗೆ 59.50 ಯೂರೊ ಎಂದಿತ್ತು. ಮೊಬೈಲಿನಲ್ಲೇ ರೂಪಾಯಿಗೆ ತಿರುಗಿಸಿ ನೋಡಿ, 'ಹೆಚ್ಚುಕಮ್ಮಿ ಆರು ಸಾವಿರ' ಎಂದುಕೊಂಡಿದ್ದೆ. ಬೆಂಗಳೂರಿನ ವಾದ್ಯದಂಗಡಿಯವರು ಅದೇ ತಂತಿಗೆ 8,200 ಹೇಳಿದ್ದರು. ಸೆಟ್ಟಿಗೆ ಎರಡು ಸಾವಿರಕ್ಕೂ ಮಿಕ್ಕಿ ಉಳಿಯುತ್ತದೆ ಎಂಬ ಖುಷಿಯಲ್ಲಿ ಕಾರ್ಡಿನ ನಂಬರ್ ಒತ್ತಿದ್ದೆ. ಎಲ್ಲ ಮುಗಿದ ಮೇಲೆ ಕೂಡಿ ನೋಡಿದರೆ ಒಂದು ಸೆಟ್ 8,861 ರೂಪಾಯಿಗೆ ಬಿದ್ದಿತ್ತು. ಉಳಿಸಲು ಹೋಗಿ ಅಂಗಡಿಯ ಬೆಲೆಗಿಂತ ಆರುನೂರ ಅರವತ್ತು ರೂಪಾಯಿ ಹೆಚ್ಚು ಕೊಟ್ಟಿದ್ದೆ.

ಅಕ್ಕನ ಗಂಡ, ನನ್ನ ಭಾವ, ದೇವನಹಳ್ಳಿಯ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕಸ್ಟಮ್ಸ್ ಬ್ರೋಕರ್ ಒಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಕೊರಿಯರಿನವರು ನನ್ನ ಹತ್ತಿರ ಮೋಸ ಮಾಡಿದ್ದಾರೆ ಎಂದು ಅವರಿಗೆ ಫೋನ್ ಮಾಡಿದೆ. "ದುಡ್ಡಿನ ಮಾತು ಆಮೇಲೆ. ಬಿಲ್ ಆಫ್ ಎಂಟ್ರಿ ತರಿಸ್ಕೊ, ಕಾರ್ಡಿನ ಸ್ಟೇಟ್‌ಮೆಂಟ್ ತೆಗ್ದಿಟ್ಕೊ, ಭಾನುವಾರ ಬರ್ತೀನಿ" ಅಂದರು. ಆ ಭಾನುವಾರ ಊಟದ ಮೇಜಿನ ಮೇಲೆ ಎರಡೂ ಕಾಗದ ಹರಡಿಕೊಂಡು ಅವರು ಹೇಳಿಕೊಟ್ಟ ಲೆಕ್ಕವೇ ಈ ಬರಹ. ಮೋಸ ಯಾರೂ ಮಾಡಿರಲಿಲ್ಲ. ಯೂರೊ ಬೆಲೆಯನ್ನು ರೂಪಾಯಿ ಮಾಡಿಬಿಟ್ಟರೆ ಲೆಕ್ಕ ಮುಗಿಯಿತು ಎಂದು ನಾನು ತಿಳಿದದ್ದೇ ತಪ್ಪು. ಲೆಕ್ಕ ಸುಲಭವಾಗಲೆಂದು ಇಲ್ಲಿ ದರಗಳನ್ನು ದುಂಡಗೆ ಮಾಡಿದ್ದೇನೆ: ಮೊಬೈಲಿನಲ್ಲಿ ಕಂಡ ದರ ಯೂರೊಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ.

ಕಂಡ ಬೆಲೆಯಲ್ಲಿ ನಮ್ಮದಲ್ಲದ ತೆರಿಗೆ

ಮೊದಲ ಬದಲಾವಣೆ ನಮಗೆ ಅನುಕೂಲದ್ದು. ಜರ್ಮನಿಯ ಅಂಗಡಿ ಗ್ರಾಹಕನಿಗೆ ತೋರಿಸುವ ಬೆಲೆಯಲ್ಲಿ ಅಲ್ಲಿನ ಶೇ 19ರ ವ್ಯಾಟ್ ಸೇರಿರುತ್ತದೆ. ಸರಕು ಯುರೋಪಿನ ಒಕ್ಕೂಟದಿಂದ ಹೊರಗೆ ಹೋಗುವುದಾದರೆ ಮಾರಾಟಗಾರ ಆ ತೆರಿಗೆಯನ್ನು ಬಿಡಬಹುದು. ವಿಳಾಸದಲ್ಲಿ ಭಾರತ ಎಂದು ಆರಿಸಿದ ಕೂಡಲೇ 59.50 ಯೂರೊ 50 ಯೂರೊಗೆ ಇಳಿಯಿತು. ಇಲ್ಲಿ 59.50ರಲ್ಲಿ ಶೇ 19 ಕಳೆಯುವುದಲ್ಲ, 1.19ರಿಂದ ಭಾಗಿಸಬೇಕು. ನನ್ನ ಎರಡು ಸೆಟ್ 119ರಿಂದ 100 ಯೂರೊಗೆ ಬಂತು.

ಎಲ್ಲ ಅಂಗಡಿಗಳೂ ಹೀಗೆ ಇಳಿಸುವುದಿಲ್ಲ. ಸಣ್ಣ ಮಾರಾಟಗಾರರು ಎಲ್ಲರಿಗೂ ಒಂದೇ ಬೆಲೆ ಇಟ್ಟಿರುವುದುಂಟು. ವಿಳಾಸ ಕೊಟ್ಟ ಮೇಲೂ ಬೆಲೆ ಅಲ್ಲಾಡದಿದ್ದರೆ ಹಣ ಕಟ್ಟುವ ಮೊದಲೇ ಬರೆದು ಕೇಳಬೇಕು. ಕಟ್ಟಿಬಿಟ್ಟರೆ ನಷ್ಟ ಎರಡು ಪಟ್ಟು. ಜರ್ಮನಿಯ ತೆರಿಗೆ ಕೊಟ್ಟದ್ದಲ್ಲದೆ, ಇನ್‌ವಾಯ್ಸಿನಲ್ಲಿ ದೊಡ್ಡ ಮೊತ್ತವೇ ಬಿದ್ದಿರುವುದರಿಂದ ಅದರ ಮೇಲೆ ನಮ್ಮ ಸುಂಕವನ್ನೂ ಕೊಡುತ್ತೇವೆ. ಅಮೆರಿಕದ ಅಂಗಡಿಗಳಲ್ಲಿ ಈ ಇಳಿಕೆಯನ್ನು ಕಾಯಬೇಕಾಗಿಲ್ಲ. ಅಲ್ಲಿ ತೋರಿಸುವ ಬೆಲೆಯಲ್ಲಿ ಮಾರಾಟ ತೆರಿಗೆ ಸಾಮಾನ್ಯವಾಗಿ ಸೇರಿರುವುದಿಲ್ಲ.

ಈ 100 ಯೂರೊಗೆ ಕೊರಿಯರ್ ಸಾಗಣೆ 25 ಸೇರಿ ಒಟ್ಟು 125 ಆಯಿತು.

ಕಾರ್ಡಿನ ದರ, ಕಾರ್ಡಿನ ಶುಲ್ಕ

ಮೊಬೈಲಿನಲ್ಲಿ ಕಾಣುವ ದರ ಬ್ಯಾಂಕುಗಳು ತಮ್ಮೊಳಗೆ ವ್ಯವಹರಿಸುವ ದರಕ್ಕೆ ಹತ್ತಿರದ್ದು. ನಮಗೆ ಆ ದರದಲ್ಲಿ ಯಾರೂ ಯೂರೊ ಕೊಡುವುದಿಲ್ಲ. ಕಾರ್ಡಿನ ಮೇಲೆ ಹೆಸರಿರುವ ಜಾಲ, ಅಂದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್, ತನ್ನದೇ ದಿನದ ದರ ಇಟ್ಟುಕೊಂಡಿರುತ್ತದೆ. ಅದು ಅನ್ವಯವಾಗುವುದು ನಾವು ಗುಂಡಿ ಒತ್ತಿದ ದಿನವೇ ಆಗಬೇಕೆಂದಿಲ್ಲ. ವ್ಯವಹಾರ ಲೆಕ್ಕಕ್ಕೆ ಸೇರುವುದು ಎಷ್ಟೋ ಸಲ ಎರಡು ಮೂರು ದಿನ ಬಿಟ್ಟು. ಮೊದಲು ಬಂದ ಎಸ್ಸೆಮ್ಮೆಸ್ಸಿನ ಮೊತ್ತಕ್ಕೂ ಸ್ಟೇಟ್‌ಮೆಂಟಿನ ಮೊತ್ತಕ್ಕೂ ಕೆಲವು ರೂಪಾಯಿ ವ್ಯತ್ಯಾಸ ಬರುವುದು ಇದರಿಂದ.

ನನ್ನ ಲೆಕ್ಕದಲ್ಲಿ ಆ ದರ 100.40 ಇತ್ತು. 125 ಯೂರೊಗೆ 12,550 ರೂಪಾಯಿ. ಇದರ ಮೇಲೆ ಬ್ಯಾಂಕಿನ ವಿದೇಶಿ ವಿನಿಮಯ ಮಾರ್ಕಪ್ ಶುಲ್ಕ. ಬಹಳಷ್ಟು ಕ್ರೆಡಿಟ್ ಕಾರ್ಡುಗಳಲ್ಲಿ ಇದು ಶೇ 3.5, ಕೆಲವಲ್ಲಿ ಶೇ 2, ಕೆಲವೇ ಕಾರ್ಡುಗಳಲ್ಲಿ ಸೊನ್ನೆ. ಈ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಇರುವುದರಿಂದ ಶೇ 3.5 ಎನ್ನುವುದು ನಿಜವಾಗಿ ಶೇ 4.13. ನನಗೆ ಬಿದ್ದದ್ದು 518 ರೂಪಾಯಿ. ಅಲ್ಲಿಗೆ ಕಾರ್ಡಿನ ಬಾಬತ್ತು 13,068 ರೂಪಾಯಿಗೆ ನಿಂತಿತು.

ಹಣ ಕಟ್ಟುವ ಪರದೆಯಲ್ಲಿ ಇನ್ನೊಂದು ದಾರಿಯೂ ಇತ್ತು: ಯೂರೊ ಬೇಡ, ರೂಪಾಯಿಯಲ್ಲೇ ಕೊಡಿ. ನೋಡಲು ನಿಶ್ಚಿಂತೆ, ಎಷ್ಟು ಹೋಗುತ್ತದೆಂದು ಅಲ್ಲೇ ಗೊತ್ತಾಗುತ್ತದೆ. ಆದರೆ ಆ ವಿನಿಮಯದ ದರ ಕಟ್ಟುವುದು ಕಾರ್ಡಿನ ಜಾಲವಲ್ಲ, ಮಾರಾಟಗಾರನ ಪರವಾಗಿ ಹಣ ಪಡೆಯುವ ಸಂಸ್ಥೆ. ನನಗೆ ತೋರಿಸಿದ ರೂಪಾಯಿ ಮೊತ್ತವನ್ನು 125ರಿಂದ ಭಾಗಿಸಿದರೆ ಯೂರೊಗೆ 105.50 ಆಗುತ್ತಿತ್ತು, ಅಂದರೆ 13,188 ರೂಪಾಯಿ. ಮಾರಾಟಗಾರ ವಿದೇಶದವನಾದರೆ ರೂಪಾಯಿಯಲ್ಲಿ ಕೊಟ್ಟ ಹಣಕ್ಕೂ ಕೆಲವು ಬ್ಯಾಂಕುಗಳು ಶೇ 1ರ ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಆಗ 13,343. ಶೇ 2ರ ಮಾರ್ಕಪ್ ಇರುವ ಕಾರ್ಡಿನಲ್ಲಿ ಯೂರೊದಲ್ಲೇ ಕೊಟ್ಟಿದ್ದರೆ 12,846ಕ್ಕೆ ಮುಗಿಯುತ್ತಿತ್ತು. ರೂಪಾಯಿ ಮೊತ್ತವನ್ನು ಯೂರೊ ಮೊತ್ತದಿಂದ ಒಮ್ಮೆ ಭಾಗಿಸಿ ನೋಡಿದರೆ ಸಾಕು, ಯಾವ ದಾರಿ ಹಗುರ ಎಂಬುದು ತಿಳಿಯುತ್ತದೆ.

ಕಸ್ಟಮ್ಸಿನವರು ಓದುವ ಬೆಲೆ

ಭಾವ ಹೆಚ್ಚು ಹೊತ್ತು ನಿಂತದ್ದು ಬಿಲ್ ಆಫ್ ಎಂಟ್ರಿಯ ಮುಂದೆ. ಸುಂಕದ ಪ್ರಮಾಣ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಯಾವ ಮೊತ್ತದ ಮೇಲೆ ಎಂದು ಕೇಳುವವರು ಕಡಿಮೆ ಎಂಬುದು ಅವರ ಮಾತು.

ಆ ಮೊತ್ತಕ್ಕೆ ಅಸೆಸಬಲ್ ವ್ಯಾಲ್ಯೂ ಎನ್ನುತ್ತಾರೆ. ಅದರಲ್ಲಿ ವಸ್ತುವಿನ ಬೆಲೆಯ ಜೊತೆಗೆ ಸಾಗಣೆಯೂ ವಿಮೆಯೂ ಸೇರುತ್ತವೆ. ವಿಮೆ ಮಾಡಿಸಿದ ಲೆಕ್ಕ ಇಲ್ಲದಿದ್ದರೆ ವಸ್ತುವಿನ ಬೆಲೆಯ ಶೇ 1.125ನ್ನು ವಿಮೆ ಎಂದು ಹಿಡಿಯುತ್ತಾರೆ. ಸಾಗಣೆಯ ವಿಷಯದಲ್ಲಿ ಒಂದು ರಿಯಾಯಿತಿ ಇದೆ. ವಿಮಾನದಲ್ಲಿ ಬಂದ ಸರಕಿಗೆ ನಾವು ಎಷ್ಟೇ ಕೊಟ್ಟಿರಲಿ, ವಸ್ತುವಿನ ಬೆಲೆಯ ಶೇ 20ಕ್ಕಿಂತ ಹೆಚ್ಚನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ. 2007ರ ಮೌಲ್ಯ ನಿರ್ಣಯದ ನಿಯಮಗಳಲ್ಲೇ ಇದು ಇದೆ. ನಾನು ಸಾಗಣೆಗೆ ಕೊಟ್ಟದ್ದು 25 ಯೂರೊ, ಕಾಗದದಲ್ಲಿ ಸೇರಿದ್ದು 20. ಸಾಗಣೆ ಎಷ್ಟೆಂದು ಕಾಗದದಿಂದ ಗೊತ್ತಾಗದಿದ್ದಾಗಲೂ ಇದೇ ಶೇ 20 ಹಿಡಿಯುತ್ತಾರೆ. ಆದ್ದರಿಂದ ಸಾಗಣೆಯ ಮೊತ್ತವನ್ನು ಇನ್‌ವಾಯ್ಸಿನಲ್ಲಿ ಬೇರೆ ಸಾಲಿನಲ್ಲಿ ಬರೆಯಿರಿ ಎಂದು ಮಾರಾಟಗಾರನಿಗೆ ಹೇಳುವುದು ಒಳ್ಳೆಯದು. ಬೆಲೆಗೆ ಹೋಲಿಸಿದರೆ ಸಾಗಣೆ ಅಗ್ಗವಿದ್ದಾಗ ಅದು ನಮ್ಮ ದುಡ್ಡು ಉಳಿಸುತ್ತದೆ.

ಹೀಗೆ 100, 20, 1.125 ಸೇರಿ 121.125 ಯೂರೊ. ಇದನ್ನು ರೂಪಾಯಿ ಮಾಡುವಾಗ ಮೂರನೆಯ ವಿನಿಮಯ ದರ ಬರುತ್ತದೆ. ಅದು ಮೊಬೈಲಿನದೂ ಅಲ್ಲ, ಕಾರ್ಡಿನದೂ ಅಲ್ಲ. ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾ ಸುಂಕ ಮಂಡಳಿ ತಿಂಗಳಲ್ಲಿ ಎರಡು ಸಲ, ಮೊದಲನೆಯ ಮತ್ತು ಮೂರನೆಯ ಗುರುವಾರ, ಪ್ರಕಟಿಸುವ ದರ. ಆಮದಿಗೆ ಒಂದು, ರಫ್ತಿಗೆ ಒಂದು ಇರುತ್ತದೆ, ಆಮದಿನದು ಸ್ವಲ್ಪ ಮೇಲೆ. ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಯಾವ ದರ ಜಾರಿಯಲ್ಲಿದೆಯೋ ಅದೇ ನಮಗೆ. ನನ್ನ ಲೆಕ್ಕದಲ್ಲಿ 102 ಎಂದಿಟ್ಟರೆ ಅಸೆಸಬಲ್ ವ್ಯಾಲ್ಯೂ 12,355 ರೂಪಾಯಿ.

ಇನ್ನು ಸುಂಕ. ನನ್ನ ತಂತಿಗಳನ್ನು ಸಂಗೀತ ವಾದ್ಯಗಳ ಅಧ್ಯಾಯದಲ್ಲಿ, ವಾದ್ಯದ ತಂತಿಗೆಂದೇ ಇರುವ 92093000 ಎಂಬ ಸಂಖ್ಯೆಯಡಿ ಹಾಕಿದ್ದರು. ಮೂಲ ಸೀಮಾ ಸುಂಕ ಶೇ 10, ಅಂದರೆ 1,235 ರೂಪಾಯಿ. ಸಮಾಜ ಕಲ್ಯಾಣ ಸರ್ಚಾರ್ಜ್ ಆ ಸುಂಕದ ಶೇ 10, ಅಂದರೆ 124. ಇವೆರಡನ್ನೂ 12,355ಕ್ಕೆ ಸೇರಿಸಿದ ಮೇಲೆ ಬರುವ ಮೊತ್ತಕ್ಕೆ ಶೇ 18 ಐಜಿಎಸ್‌ಟಿ, ಅಂದರೆ 2,468. ಸುಂಕದ ಮೇಲೂ ತೆರಿಗೆ ಬೀಳುವುದರಿಂದ ಹತ್ತು, ಒಂದು, ಹದಿನೆಂಟು ಕೂಡಿ ಇಪ್ಪತ್ತೊಂಬತ್ತು ಆಗುವುದಿಲ್ಲ, ಶೇ 30.98 ಆಗುತ್ತದೆ. ಪೈಸೆ ಸೇರಿಸಿ ಕೂಡಿದರೆ ಒಟ್ಟು 3,828 ರೂಪಾಯಿ.

ವಸ್ತುವಿನ ಸಂಖ್ಯೆ ಬದಲಾದರೆ ಪ್ರಮಾಣವೂ ಬದಲಾಗುತ್ತದೆ. ಸ್ವಂತ ಬಳಕೆಗೆಂದು ಅಂಚೆಯಲ್ಲಿ ಅಥವಾ ವಿಮಾನದಲ್ಲಿ ತರಿಸಿದ ವಸ್ತುಗಳಿಗೆ 9804 ಎಂಬ ಬೇರೆ ಶೀರ್ಷಿಕೆಯೇ ಇದೆ. ಅದರ ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸುವುದಾಗಿ 2026ರ ಬಜೆಟ್ಟಿನಲ್ಲಿ ಹೇಳಿದರು. ಅದಕ್ಕೂ ಮೊದಲು, 2025ರ ಸೆಪ್ಟೆಂಬರಿನ ಜಿಎಸ್‌ಟಿ ಬದಲಾವಣೆಯಲ್ಲಿ ಅದರ ಐಜಿಎಸ್‌ಟಿ ಶೇ 28ರಿಂದ 18ಕ್ಕೆ ಬಂದಿತ್ತು. ಹಾಗಾಗಿ ಹಿಂದೊಮ್ಮೆ ತರಿಸಿದವರು ಹೇಳುವ ಪ್ರಮಾಣವನ್ನು ಇವತ್ತಿನ ಲೆಕ್ಕಕ್ಕೆ ಹಿಡಿಯಬಾರದು. icegate.gov.in ತಾಣದ ಸುಂಕ ಲೆಕ್ಕ ಹಾಕುವ ಪುಟದಲ್ಲಿ ವಸ್ತುವಿನ ಸಂಖ್ಯೆ ಕೊಟ್ಟರೆ ಆ ದಿನದ ಪ್ರಮಾಣ ಸಿಗುತ್ತದೆ. ಆ ಸಂಖ್ಯೆಯನ್ನು ಇನ್‌ವಾಯ್ಸಿನಲ್ಲಿ ಬರೆಯಲು ಮಾರಾಟಗಾರನಿಗೆ ಮೊದಲೇ ಹೇಳಬಹುದು. ಬರಿದೇ 'ಬಿಡಿಭಾಗ' ಎಂದು ಬರೆದ ಪೊಟ್ಟಣವನ್ನು ಯಾವ ಸಂಖ್ಯೆಯಡಿ ಹಾಕುತ್ತಾರೆಂದು ಮೊದಲೇ ಊಹಿಸಲು ಆಗುವುದಿಲ್ಲ.

ಸುಂಕವಲ್ಲದ ಸುಂಕ

ಕೊರಿಯರ್ ಕೇಳಿದ್ದು 4,654, ಸುಂಕ 3,828. ನಡುವಿನ 826 ರೂಪಾಯಿ ಸರ್ಕಾರಕ್ಕೆ ಹೋಗುವ ಸುಂಕವಲ್ಲ. ನಮ್ಮ ಪರವಾಗಿ ಸುಂಕವನ್ನು ಮುಂಗಡ ಕಟ್ಟಿದ್ದಕ್ಕೆ ಕೊರಿಯರ್ ತೆಗೆದುಕೊಳ್ಳುವ ಶುಲ್ಕ 700 ಮತ್ತು ಅದರ ಮೇಲಿನ ಜಿಎಸ್‌ಟಿ 126. ಒಂದೊಂದು ಕಂಪನಿಯದು ಒಂದೊಂದು ದರ, ಸಾಮಾನ್ಯವಾಗಿ ಕನಿಷ್ಠ ಮೊತ್ತವೊಂದು ಇದ್ದೇ ಇರುತ್ತದೆ.

ನನ್ನ ಲೆಕ್ಕ ತಲೆಕೆಳಗಾದದ್ದು ಇಲ್ಲಿಯೇ. ಕಾರ್ಡಿನ ಶುಲ್ಕ, ಸುಂಕ, ತೆರಿಗೆ ಎಲ್ಲವೂ ಬೆಲೆಗೆ ತಕ್ಕಂತೆ ಏರಿಳಿಯುತ್ತವೆ. 25 ಯೂರೊ ಸಾಗಣೆ ಮತ್ತು 826 ರೂಪಾಯಿ ಮಾತ್ರ ಒಂದು ಸೆಟ್ ತರಿಸಿದರೂ ಅಷ್ಟೇ, ನಾಲ್ಕು ತರಿಸಿದರೂ ಅಷ್ಟೇ. ಭಾವ ಅದೇ ಹಾಳೆಯ ಹಿಂದೆ ಮೂರು ಸಾಲು ಬರೆದರು. ಒಂದೇ ಸೆಟ್ ತರಿಸಿದ್ದರೆ ಎಲ್ಲ ಸೇರಿ 10,581. ಎರಡು ತರಿಸಿದ್ದಕ್ಕೆ 17,722, ಸೆಟ್ಟಿಗೆ 8,861. ನಾಲ್ಕು ತರಿಸಿದ್ದರೆ 31,530, ಸೆಟ್ಟಿಗೆ 7,882. ಅಂಗಡಿಯ 8,200ಕ್ಕಿಂತ ಕೆಳಗೆ ಬರಬೇಕಾದರೆ ನಾಲ್ಕು ಸೆಟ್ ತನಕ ಹೋಗಬೇಕಿತ್ತು. ಹಾಗೆಂದು ಹತ್ತು ಹದಿನೈದು ತರಿಸುವಂತಿಲ್ಲ. ಸ್ವಂತ ಬಳಕೆಗೆ ಇಷ್ಟೊಂದು ಏಕೆ ಎಂದು ಕೇಳುವ ಅಧಿಕಾರ ಕಸ್ಟಮ್ಸಿನವರಿಗಿದೆ. ವ್ಯಾಪಾರಕ್ಕೆ ಎಂದಾದರೆ ಆಮದುದಾರರ ಸಂಖ್ಯೆಯಿಂದ ಹಿಡಿದು ಬೇರೆಯೇ ಕಾಗದಪತ್ರ ಬೇಕು.

ಸಣ್ಣ ವಸ್ತುವಿಗೆ ಸುಂಕ ಇಲ್ಲ ಎಂಬ ನಂಬಿಕೆಯೂ ಹಲವರಲ್ಲಿದೆ. ಕಾನೂನು ಬಿಡುವುದು ಸುಂಕದ ಮೊತ್ತವೇ 100 ರೂಪಾಯಿ ಮೀರದಿದ್ದಾಗ. ನನ್ನ ತಂತಿಯ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ, ಸಾಗಣೆ ಸೇರಿ ಸುಮಾರು 320 ರೂಪಾಯಿಯ ವಸ್ತುವಿಗೆ ಮಾತ್ರ ಆ ವಿನಾಯಿತಿ. ಉಡುಗೊರೆ ಎಂದು ಬರೆಸಿ ತರಿಸುವ ದಾರಿಯೂ 2019ರ ಡಿಸೆಂಬರಿನಲ್ಲಿ ಮುಚ್ಚಿತು. ಜೀವರಕ್ಷಕ ಔಷಧ ಮತ್ತು ರಾಖಿ ಬಿಟ್ಟು ಬೇರೇನನ್ನೂ ಅಂಚೆ, ಕೊರಿಯರ್ ಮೂಲಕ ಸುಂಕ ಕಟ್ಟದೆ ಉಡುಗೊರೆ ಎಂದು ತರಿಸುವಂತಿಲ್ಲ. ಆದರೂ 'ಬೆಲೆ ಕಡಿಮೆ ಬರೆದುಕೊಡುತ್ತೇವೆ' ಎನ್ನುವ ಮಾರಾಟಗಾರರು ಇದ್ದಾರೆ. ಅದಕ್ಕೆ ಒಪ್ಪಬಾರದು. ಸಿಕ್ಕಿಬಿದ್ದರೆ ವಸ್ತು ಮುಟ್ಟುಗೋಲಾಗಬಹುದು, ದಂಡ ಬೀಳುವುದು ತರಿಸಿಕೊಂಡವರಿಗೆ. ದಾರಿಯಲ್ಲಿ ಕಳೆದುಹೋದರೂ ಪರಿಹಾರ ಕೇಳಲು ನಮ್ಮ ಕೈಯಲ್ಲಿರುವುದು ಆ ಕಡಿಮೆ ಬೆಲೆಯ ಕಾಗದವೇ.

ಹಿಂದಕ್ಕೆ ಕಳಿಸಿದರೆ

ಮಗಳಿಗೆ ಕೊಟ್ಟ ಎರಡನೆಯ ಸೆಟ್ಟಿನಲ್ಲಿ ಒಂದು ತಂತಿಯ ಸುತ್ತು ಬಿಚ್ಚಿಕೊಂಡಿತ್ತು. ಮಾರಾಟಗಾರ ಒಳ್ಳೆಯವನು, ವಾದ ಮಾಡದೆ ಆ ಸೆಟ್ಟಿನ 50 ಯೂರೊ ಹಿಂದಕ್ಕೆ ಕೊಟ್ಟ. ಕಾರ್ಡಿಗೆ ಬಂದದ್ದು ಮಾತ್ರ ನಾನು ಕೊಟ್ಟಷ್ಟಲ್ಲ. ಮರುಪಾವತಿಯನ್ನು ಆ ದಿನದ ದರದಲ್ಲಿ ರೂಪಾಯಿ ಮಾಡಿದರು, ಮೊದಲು ಹಿಡಿದ ಮಾರ್ಕಪ್ ಶುಲ್ಕ ಬರಲೇ ಇಲ್ಲ. ಸಾಗಣೆ, ಕೊರಿಯರ್ ಶುಲ್ಕಗಳೂ ಬರಲಿಲ್ಲ. ದೋಷವಿರುವ ಸರಕನ್ನು ವಾಪಸು ಕಳಿಸಿ ಸುಂಕ ಹಿಂಪಡೆಯಲು ಕಾನೂನಿನಲ್ಲಿ ದಾರಿ ಇದೆ. ಅದಕ್ಕೆ ಕಸ್ಟಮ್ಸಿನ ಮುಂದೆಯೇ ಸರಕನ್ನು ತೋರಿಸಿ, ಇದೇ ಆ ಸರಕು ಎಂದು ಒಪ್ಪಿಸಿ, ಹೊರಗೆ ಕಳಿಸಿ, ಅರ್ಜಿ ಹಾಕಬೇಕು. "ಒಂದು ಸೆಟ್ ತಂತಿಗೆ ಅಷ್ಟೆಲ್ಲ ಮಾಡಿದ್ರೆ ನನ್ನ ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ ಆಗತ್ತೆ" ಎಂದರು ಭಾವ.

ನಾಲ್ಕು ಸೆಟ್ ತರಿಸಿ ಉಳಿಸಬಹುದಾಗಿದ್ದದ್ದು ಒಟ್ಟು 1,270 ರೂಪಾಯಿ. ಒಂದು ಸೆಟ್ ಕೆಟ್ಟು ಬಂದರೆ, ಅದರ ಬೆಲೆ ಮರಳಿ ಸಿಕ್ಕಿದರೂ, ಅದಕ್ಕೆ ಕಟ್ಟಿದ ಸುಂಕ, ಸಾಗಣೆಯ ಪಾಲು ಮತ್ತು ಶುಲ್ಕದಲ್ಲೇ ಆ ಉಳಿತಾಯ ಕರಗಿಹೋಗುತ್ತದೆ. ಅಂಗಡಿಯವರ 8,200ರಲ್ಲಿ ಇದೇ ಸುಂಕ, ಇದೇ ತೆರಿಗೆ ಸೇರಿವೆ. ಅವರು ಒಟ್ಟಿಗೆ ತರಿಸುವುದರಿಂದ ಸಾಗಣೆ ಹಂಚಿಹೋಗುತ್ತದೆ. ತಂತಿ ಕೆಟ್ಟಿದ್ದರೆ ಹೋಗಿ ಕೌಂಟರಿನಲ್ಲಿ ಬದಲಾಯಿಸಿಕೊಂಡು ಬರಬಹುದು.

ಭಾವ ಹೊರಡುವ ಮೊದಲು ಆ ಹಾಳೆಯ ಕೊನೆಗೆ ಒಂದು ಸಾಲು ಬರೆದುಕೊಟ್ಟರು. ವಿದೇಶಿ ತೆರಿಗೆ ಕಳೆದ ಬೆಲೆಗೆ ಸಾಗಣೆ ಸೇರಿಸು, ಮೊಬೈಲಿನ ದರದಲ್ಲಿ ರೂಪಾಯಿ ಮಾಡು, 1.37ರಿಂದ ಗುಣಿಸು, ಕೊರಿಯರ್ ಶುಲ್ಕ ಕೂಡು. ಶೇ 3.5 ಮಾರ್ಕಪ್ಪಿನ ಕಾರ್ಡಿಗೂ ಶೇ 30.98ರ ಸುಂಕಕ್ಕೂ ಇದು ಹೊಂದುತ್ತದೆ. ಪ್ರಮಾಣ ಬೇರೆಯಾದರೆ ಗುಣಿಸುವ ಸಂಖ್ಯೆಯೂ ಬೇರೆ. ನನ್ನ 125 ಯೂರೊಗೆ ಹೀಗೆ ಮಾಡಿದರೆ 17,951 ಬರುತ್ತದೆ, ನಿಜವಾಗಿ ಕೊಟ್ಟದ್ದು 17,722. ತುಸು ಹೆಚ್ಚೇ ತೋರಿಸುವ ಲೆಕ್ಕವಾದ್ದರಿಂದ ಮೋಸ ಹೋಗುವ ಭಯವಿಲ್ಲ.

ಮೊನ್ನೆ ಮೇಷ್ಟ್ರು ಅದೇ ಮಾರಾಟಗಾರನ ಹತ್ತಿರ ಒಂದು ಕಮಾನು ನೋಡಿ, ಬೆಲೆ ಚೆನ್ನಾಗಿದೆಯಲ್ಲವೇ ಎಂದು ಕೇಳಿದರು. ಇಲ್ಲಿ ಯಾವ ಅಂಗಡಿಯಲ್ಲೂ ಆ ಬಗೆಯ ಕಮಾನು ಸಿಗುವುದಿಲ್ಲ. ನಾನು ಹಾಳೆ ತೆಗೆದು, ವಾದ್ಯದ ಬಿಡಿಭಾಗದ ಸಂಖ್ಯೆ ಹಾಕಿ ಪ್ರಮಾಣ ನೋಡಿ, ಲೆಕ್ಕ ಮಾಡಿ ಕೊನೆಯ ಮೊತ್ತವನ್ನು ಮುಂದಿಟ್ಟೆ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, "ಇಷ್ಟಾಗತ್ತೆ ಅಂತ ಗೊತ್ತಿದ್ದೇ ತರಿಸೋಣಮ್ಮ, ಇದು ಬೇಕು" ಎಂದರು. ತಂತಿಯನ್ನು ಮಾತ್ರ ಈಗ ಬೆಂಗಳೂರಿನ ಅಂಗಡಿಯಿಂದಲೇ ತರುತ್ತೇವೆ.